ಆಪ್ಷನ್‌ಗೆ ಹೋಗೋ ಮುಂಚೆ ಸ್ವಲ್ಪ ಇಲ್ಲೇ ಕೂರೋಣ

ಆಫೀಸಲ್ಲಿ ಒಂದು ವಿಷಯ ನನ್ನನ್ನ ತುಂಬಾ ದಿನದಿಂದ ಕಾಡ್ತಾ ಇದೆ. ಒಳ್ಳೇ ಕೆಲಸಗಾರರು, ಹೇಳಿದ್ದನ್ನ ಹೇಳಿದ ದಿನಕ್ಕೆ ಮುಗಿಸಿಕೊಡೋರು, ಅಂಥವರ ಗೋಲ್ ಶೀಟ್‌ನಲ್ಲೂ ಒಂದು ಸಾಲು ಮಾತ್ರ ಹಂಗೇ ಉಳ್ಕೊಂಡಿರುತ್ತೆ. ರಿವ್ಯೂ ಬರುತ್ತೆ, ಆ ಸಾಲಿನ ಮುಂದೆ ಇರೋ ತಾರೀಕು ಬದಲಾಗುತ್ತೆ, ಸಾಲು ಬದಲಾಗಲ್ಲ. ಸುತ್ತ ಇರೋರೆಲ್ಲ ಸಲಹೆ ಕೊಟ್ಟಿರ್ತಾರೆ, ಆ ಸಲಹೆಗಳಲ್ಲಿ ತಪ್ಪೂ ಇರಲ್ಲ, ಅವರೂ ಹೂಂ ಅಂದಿರ್ತಾರೆ, ಆದ್ರೂ ಅದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಸೋಮಾರಿತನ ಅಂತ ಹೇಳೋಕಾಗಲ್ಲ, ಯಾಕಂದ್ರೆ ಅದೇ ಮನುಷ್ಯ ಅದಕ್ಕಿಂತ ಕಷ್ಟದ ಕೆಲಸಗಳನ್ನ ಪಕ್ಕದಲ್ಲೇ ಮುಗಿಸ್ತಿರ್ತಾರೆ.

ನಂಗೆ ಬರಬರುತ್ತಾ ಅನ್ಸಿರೋದು ಇಷ್ಟು. ಹೀಗೆ ಸಿಕ್ಕಿಹಾಕಿಕೊಂಡಿರೋ ಗೋಲ್‌ಗಳಲ್ಲಿ ದಾರಿ ಗೊತ್ತಿಲ್ಲ ಅನ್ನೋ ಸಮಸ್ಯೆ ಇರೋದು ಕಮ್ಮಿ. ಈಗ ನಿಜವಾಗಿ ಏನು ನಡೀತಿದೆ ಅನ್ನೋದನ್ನೇ ಯಾರೂ ಪೂರ್ತಿ ನೋಡಿರಲ್ಲ, ಗೋಲ್ ಇಟ್ಕೊಂಡೋರು ಕೂಡ. ಕೋಚಿಂಗ್ ಮಾತುಕತೆಗೆ ಬಳಸೋ ಗ್ರೋ ಮಾಡೆಲ್ ಬಗ್ಗೆ ಟ್ರೈನಿಂಗ್‌ಗಳಲ್ಲಿ ಕೇಳಿರೋರು ತುಂಬಾ ಜನ ಇದಾರೆ, ಆದ್ರೆ ಅದನ್ನ ಬಳಸುವಾಗ ಎಲ್ಲರೂ ಬೇಗ ದಾಟಿಕೊಂಡು ಹೋಗೋದು ಅದರ ಎರಡನೇ ಅಕ್ಷರವನ್ನೇ. ಇತ್ತೀಚೆಗೆ ಒಬ್ಬ ಸಹೋದ್ಯೋಗಿ ಜೊತೆ ಕೂತು ಮಾತಾಡಿದ್ದನ್ನ ಇಟ್ಕೊಂಡು ಇದನ್ನ ಹೇಳೋಣ ಅಂತ ಬರೀತಿದೀನಿ. ಅವರಿಗೆ ಇದನ್ನ ತೋರಿಸಿ ಒಪ್ಪಿಗೆ ತಗೊಂಡಿದೀನಿ, ಅವರು ಯಾರು ಅಂತ ಗೊತ್ತಾಗೋ ವಿವರಗಳನ್ನ ತೆಗ್ದಿದೀನಿ.

ನಾಲ್ಕು ಅಕ್ಷರ

ಗೊತ್ತಿರೋರಿಗೆ ಇದು ಬೇಡ, ಗೊತ್ತಿಲ್ಲದವರಿಗೆ ಚುಟುಕಾಗಿ. ಜಿ ಅಂದ್ರೆ ಗೋಲ್, ಏನು ಬೇಕು. ಆರ್ ಅಂದ್ರೆ ರಿಯಾಲಿಟಿ, ಈಗ ಏನಿದೆ. ಓ ಅಂದ್ರೆ ಆಪ್ಷನ್ಸ್, ಏನೇನು ಮಾಡಬಹುದು. ಡಬ್ಲ್ಯೂ ಅಂದ್ರೆ ವಿಲ್, ಇದರಲ್ಲಿ ಏನನ್ನ ಮಾಡೇ ಮಾಡ್ತೀರಿ, ಯಾವಾಗ. 1980ರ ದಶಕದಲ್ಲಿ ಬ್ರಿಟನ್‌ನಲ್ಲಿ ಗ್ರಹಾಂ ಅಲೆಕ್ಸಾಂಡರ್, ಅಲನ್ ಫೈನ್, ಜಾನ್ ವಿಟ್ಮೋರ್ ಇವರೆಲ್ಲ ಸೇರಿ ರೂಪಿಸಿದ್ದು ಇದು. ವಿಟ್ಮೋರ್ ಮೊದಲು ಕಾರ್ ರೇಸರ್ ಆಗಿದ್ದೋರು, 1992ರಲ್ಲಿ ಬಂದ ಅವರ ಪುಸ್ತಕದಿಂದ ಇದು ಆಫೀಸುಗಳಿಗೆಲ್ಲ ಹಬ್ಬಿತು. ಆದ್ರೆ ಬೇರು ಇರೋದು ಟೆನಿಸ್ ಕೋರ್ಟಲ್ಲಿ. ತಿಮೊತಿ ಗಾಲ್ವೇ ಅನ್ನೋ ಅಮೆರಿಕದ ಟೆನಿಸ್ ಕೋಚ್ 1970ರ ದಶಕದಲ್ಲಿ, ಆಟಗಾರನಿಗೆ ಹೇಳಿಕೊಡೋದನ್ನ ಕಮ್ಮಿ ಮಾಡಿದಷ್ಟೂ ಅವನು ಬೇಗ ಕಲೀತಾನೆ ಅನ್ನೋದನ್ನ ಕಂಡುಕೊಂಡಿದ್ರು, ವಿಟ್ಮೋರ್ ಈ ಗಾಲ್ವೇ ಹತ್ರ ಕಲಿತು ಅದನ್ನೇ ಕಂಪನಿಗಳಿಗೆ ತಂದ್ರು.

ಇದನ್ನ ವಿವರಿಸೋಕೆ ವಿಟ್ಮೋರ್ ಕೊಡೋ ಟೆನಿಸ್ ಉದಾಹರಣೆ ನಂಗೆ ತುಂಬಾ ಇಷ್ಟ. ಚೆಂಡು ನೋಡು ಅಂತ ನೂರು ಸಲ ಕಿರುಚಿದ್ರೂ ಆಟಗಾರ ಚೆಂಡು ನೋಡಲ್ಲ. ಅದರ ಬದಲು, ನೆಟ್ ದಾಟುವಾಗ ಚೆಂಡು ಯಾವ ಕಡೆ ತಿರುಗ್ತಿದೆ ಅಂತ ಕೇಳಿ. ಉತ್ತರ ಹೇಳ್ಬೇಕಾದ್ರೆ ಅವನು ಚೆಂಡನ್ನ ನೋಡ್ಲೇಬೇಕು, ಬೇರೆ ದಾರಿನೇ ಇಲ್ಲ, ಮತ್ತೆ ಅವನು ಹೇಳಿದ ಉತ್ತರದಿಂದ ಅವನು ನೋಡಿದ್ನೋ ಇಲ್ವೋ ಅಂತ ಕೋಚ್‌ಗೂ ಗೊತ್ತಾಗುತ್ತೆ. ರಿಯಾಲಿಟಿ ಹಂತದ ಪ್ರಶ್ನೆಗಳೆಲ್ಲ ಈ ಜಾತಿಯವೇ ಆಗಿರಬೇಕು. ಹೇಗೆ ನಡೀತಿದೆ ಅಂತ ಕೇಳಿದ್ರೆ ಪರ್ವಾಗಿಲ್ಲ ಅನ್ನೋ ಉತ್ತರ ಬರುತ್ತೆ, ಅದಕ್ಕೆ ಯಾವನೂ ಏನೂ ನೋಡಬೇಕಾಗಿಲ್ಲ. ಹೋದ ತಿಂಗಳು ಗುರುವಾರ ಸಂಜೆ ಆ ಫೈಲ್ ಬಂದ ಮೇಲೆ ನೀವು ಏನು ಮಾಡಿದ್ರಿ ಅಂದ್ರೆ ನೆನಪಿಸಿಕೊಳ್ಳದೆ ವಿಧಿಯಿಲ್ಲ.

ಅವರು ತಂದ ಗೋಲ್

ಆ ಸಹೋದ್ಯೋಗಿಯ ಕೆಲಸದಲ್ಲಿ ಪ್ರತಿ ತಿಂಗಳೂ ಮಾಡೋ ಒಂದು ರಿಪೋರ್ಟ್ ಇದೆ. ಮೂರು ಟೀಮ್‌ಗಳ ಶೀಟ್‌ಗಳಿಂದ ಅಂಕಿ ತಗೊಂಡು, ಒಂದಕ್ಕೊಂದು ತಾಳೆ ನೋಡಿ, ಸ್ಲೈಡ್ ಮಾಡಿ, ಬಾಸ್ ಮುಂದೆ ರಿವ್ಯೂ ಮೀಟಿಂಗಲ್ಲಿ ಇಡಬೇಕು. ಪ್ರತಿ ತಿಂಗಳು ಅವರ ನಾಲ್ಕು ದಿನ ಅದರಲ್ಲೇ ಹೋಗುತ್ತೆ. ಅವರಿಗೆ ಹೊಸ ಪ್ರಾಜೆಕ್ಟ್ ಕಡೆ ಹೋಗೋ ಆಸೆ, ಹಾಗಾಗಿ ರಿಪೋರ್ಟನ್ನ ಟೀಮಿನ ಜೂನಿಯರ್ ಹುಡುಗನಿಗೆ ಬಿಟ್ಟುಕೊಡಬೇಕು ಅನ್ನೋದು ಗೋಲ್. ಅರ್ಧ ವರ್ಷದಿಂದ ಶೀಟಲ್ಲಿದೆ. ಯಾಕೆ ಆಗಿಲ್ಲ ಅನ್ನೋದಕ್ಕೆ ಅವರ ಹತ್ರ ಒಂದು ರೆಡಿ ಕಾರಣಾನೂ ಇತ್ತು, ಪ್ರೊಸೆಸ್ ಡಾಕ್ಯುಮೆಂಟ್ ಬರೆದು ಮುಗಿಸೋಕೆ ಟೈಮೇ ಸಿಗ್ತಿಲ್ಲ, ಅದು ಮುಗಿದ್ರೆ ಕೊಟ್ಟುಬಿಡ್ತೀನಿ ಅಂತ.

ಒಂದು ಗಂಟೆ ಅಂತ ಟೈಮ್ ಇಟ್ಕೊಂಡ್ವಿ. ಶುರುನಲ್ಲೇ ಎರಡು ವಿಷಯ ಮಾತಾಡಿಕೊಂಡ್ವಿ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಬಾಸ್ ಹತ್ರ ನಾನು ಬಾಯಿ ಬಿಡಲ್ಲ ಅನ್ನೋದು ಒಂದು. ನಾನು ಸಲಹೆ ಕೊಡೋದಕ್ಕಿಂತ ಜಾಸ್ತಿ ಪ್ರಶ್ನೆ ಕೇಳ್ತೀನಿ, ಅದು ಕಿರಿಕಿರಿ ಅನ್ಸಿದ್ರೆ ಹೇಳಿ ಅನ್ನೋದು ಇನ್ನೊಂದು. ಒಂದೇ ಮಟ್ಟದಲ್ಲಿ ಕೆಲಸ ಮಾಡೋರು ಒಬ್ಬರಿಗೊಬ್ಬರು ಕೋಚಿಂಗ್ ಮಾಡುವಾಗ ಈ ಮೊದಲನೇ ಮಾತು ಆಡದೇ ಇದ್ರೆ ರಿಯಾಲಿಟಿ ಹಂತದಲ್ಲಿ ಬರೀ ಮೇಲ್ಮೇಲಿನ ಮಾತು ಸಿಗುತ್ತೆ. ನಾಳೆ ಮೀಟಿಂಗಲ್ಲಿ ಎದುರು ಕೂರೋ ಮನುಷ್ಯನ ಮುಂದೆ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡ್ತಾರೆ.

ಗೋಲ್ ಬಗ್ಗೆ ನಾನು ಕೇಳಿದ್ದು ಜಾಸ್ತಿ ಇಲ್ಲ. ಇದು ನಿಮಗೆ ಬೇಕಾ, ಬಾಸ್‌ಗೆ ಬೇಕಾ ಅಂತ ಕೇಳಿದೆ, ನಂಗೇ ಬೇಕು ಅಂದ್ರು, ತಡ ಮಾಡದೆ ಅಂದ್ರು. ಇವತ್ತು ಎದ್ದು ಹೋಗುವಾಗ ನಿಮ್ಮ ಕೈಲಿ ಏನಿದ್ರೆ ಈ ಒಂದು ಗಂಟೆ ಕೂತಿದ್ದು ಸಾರ್ಥಕ ಅಂದಾಗ, ಡಾಕ್ಯುಮೆಂಟ್ ಮುಗಿಸೋಕೆ ಒಂದು ಪ್ಲಾನ್ ಇದ್ರೆ ಸಾಕು ಅಂದ್ರು. ಸರಿ ಅಂತ ಅದನ್ನ ಹಾಗೇ ಬರ್ಕೊಂಡೆ. ಇಲ್ಲಿ ತುಂಬಾ ಜನ ಕೋಚ್‌ಗಳು ಗೋಲನ್ನ ತಿದ್ದೋಕೆ ಕೂತ್ಕೋತಾರೆ, ಸ್ಮಾರ್ಟ್ ಮಾಡಿ, ಅಳತೆ ಹಾಕಿ, ತಾರೀಕು ಬರೀರಿ ಅಂತ. ಸಿಕ್ಕಿಹಾಕಿಕೊಂಡ ಗೋಲ್‌ಗೆ ಮೊದಲ ಸುತ್ತಲ್ಲಿ ಇದು ಉಪಯೋಗಕ್ಕೆ ಬರಲ್ಲ ಅಂತ ನನ್ನ ಅಭಿಪ್ರಾಯ. ತಾರೀಕು ಅದಕ್ಕೆ ಈಗಾಗ್ಲೇ ಇದೆ, ತಾರೀಕು ಇದ್ದೂ ಅದು ನಡೀಲಿಲ್ಲ. ಗೋಲನ್ನ ಒರಟಾಗೇ ಇಟ್ಕೊಂಡು ಮುಂದೆ ಹೋಗಿ, ರಿಯಾಲಿಟಿ ನೋಡಿದ ಮೇಲೆ ಹೇಗೂ ಮತ್ತೆ ಇಲ್ಲಿಗೆ ಬರಬೇಕಾಗುತ್ತೆ.

ಗುರುವಾರ ರಾತ್ರಿ

ಡಾಕ್ಯುಮೆಂಟ್‌ನಿಂದಾನೇ ಶುರು ಮಾಡಿದೆ, ಅವರು ಅದನ್ನೇ ತಾನೇ ತಂದಿದ್ದು.

"ಡಾಕ್ಯುಮೆಂಟ್ ಎಷ್ಟಾಗಿದೆ?"

"ಮುಕ್ಕಾಲು ಭಾಗ ಆಗಿದೆ."

"ಉಳಿದಿರೋದು ಯಾವ ಭಾಗ?"

"ತಪ್ಪು ಹೇಗೆ ಹಿಡಿಯೋದು ಅನ್ನೋದು. ಅದನ್ನ ಬರೆಯೋದೇ ಕಷ್ಟ, ಅದು ನೋಡ್ತಾ ನೋಡ್ತಾ ಗೊತ್ತಾಗೋದು."

"ಆಗಿರೋ ಮುಕ್ಕಾಲು ಭಾಗ ಹುಡುಗ ಓದಿದಾನಾ?"

"ಇಲ್ಲ, ಇನ್ನೂ ಕೊಟ್ಟಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ತಿಂಗಳು ಅದಿಲ್ಲದೇನೇ ಒಂದ್ಸಲ ಮಾಡಿದ್ದ" ಅಂದ್ರು.

ನಂಗೆ ಇಲ್ಲಿ ಕಿವಿ ನೆಟ್ಟಗಾಯ್ತು. ಡಾಕ್ಯುಮೆಂಟ್ ಇಲ್ಲದೆ ಕೊಡೋಕಾಗ್ತಿಲ್ಲ ಅನ್ನೋದು ಕಾರಣ, ಆದ್ರೆ ಡಾಕ್ಯುಮೆಂಟ್ ಇಲ್ಲದೇನೇ ಆ ಹುಡುಗ ಕೆಲಸ ಮುಗಿಸಿಕೊಟ್ಟಿದಾನೆ. ಇಂಥ ಹೊತ್ತಲ್ಲಿ ನೋಡಿ, ಹಾಗಾದ್ರೆ ನಿಮಗೆ ಡಾಕ್ಯುಮೆಂಟೇ ಬೇಡ ಅಲ್ವಾ ಅಂತ ಬಾಯಿಗೆ ಬಂದುಬಿಡುತ್ತೆ. ಅದನ್ನ ಹೇಳಬಾರದು. ಹೇಳಿದ್ರೆ ಅವರು ಡಾಕ್ಯುಮೆಂಟ್ ಯಾಕೆ ಬೇಕು ಅಂತ ವಾದ ಶುರು ಮಾಡ್ತಾರೆ, ವಾದ ಶುರುವಾಯ್ತು ಅಂದ್ರೆ ಅವರು ನೋಡೋದನ್ನ ನಿಲ್ಲಿಸಿ ಕಾಪಾಡಿಕೊಳ್ಳೋದಕ್ಕೆ ಇಳಿದ್ರು ಅಂತ ಅರ್ಥ. ಯಾಕೆ ಅನ್ನೋ ಪ್ರಶ್ನೆಯನ್ನ ಈ ಹಂತದಲ್ಲಿ ದೂರ ಇಡೋದೂ ಇದಕ್ಕೇನೆ. ಯಾಕೆ ಕೊಡ್ಲಿಲ್ಲ ಅಂದ್ರೆ ನಮ್ಮ ಕಿವಿಗೆ ಅದು ಬೈದ ಹಾಗೇ ಕೇಳುತ್ತೆ, ಚಿಕ್ಕಂದಿನಿಂದ ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಕೇಳಿಸಿಕೊಂಡೇ ಬೆಳೆದಿರ್ತೀವಿ. ಏನಾಯ್ತು, ಯಾವಾಗ, ಎಷ್ಟು, ಆಮೇಲೆ, ಇಷ್ಟು ಸಾಕು.

"ಆ ಸಲ ಏನಾಯ್ತು, ಶುರುವಿಂದ ಹೇಳಿ" ಅಂದೆ.

"ಸೋಮವಾರ ಅವನಿಗೆ ಶೀಟ್‌ಗಳು ಎಲ್ಲಿವೆ ಅಂತ ತೋರಿಸ್ದೆ. ಗುರುವಾರ ಸಂಜೆ ಫೈಲ್ ಕಳಿಸ್ದ. ಶುಕ್ರವಾರ ಬೆಳಗ್ಗೆ ರಿವ್ಯೂ. ನಾನು ರಾತ್ರಿ ಕೂತು ಎಲ್ಲಾ ಮತ್ತೆ ಮಾಡ್ದೆ."

"ಅವನು ಕಳಿಸಿದ್ದರಲ್ಲಿ ಎಷ್ಟು ತಪ್ಪಿತ್ತು?"

ಇದಕ್ಕೆ ಉತ್ತರ ಬರೋಕೆ ತುಂಬಾ ಹೊತ್ತಾಯ್ತು. ನಾನು ಮಧ್ಯ ಮಾತಾಡ್ಲಿಲ್ಲ. ಕೋಚಿಂಗ್‌ನಲ್ಲಿ ಈ ಮೌನ ತಡ್ಕೊಳ್ಳೋದು ದೊಡ್ಡ ಕೆಲಸ, ಎದುರಿನವರು ಸುಮ್ಮನಾದ್ರು ಅಂದ್ರೆ ಅವರು ಲೆಕ್ಕ ಹಾಕ್ತಿದಾರೆ ಅಂತ ಅರ್ಥ, ಅಲ್ಲಿ ನಾವು ಇನ್ನೊಂದು ಪ್ರಶ್ನೆ ಎಸೆದ್ರೆ ಲೆಕ್ಕ ತಪ್ಪಿಹೋಗುತ್ತೆ.

"ಒಂದು" ಅಂದ್ರು. "ಒಂದು ಟೀಮಿನ ಅಂಕಿ ಹಳೇ ಶೀಟಿಂದ ಬಂದಿತ್ತು. ಅಷ್ಟೇ."

"ಉಳಿದದ್ದು?"

"ಉಳಿದದ್ದು ನಾನು ಮಾಡೋ ಥರ ಇರ್ಲಿಲ್ಲ, ಅದಕ್ಕೆ ಬದಲಾಯಿಸ್ದೆ. ಸ್ಲೈಡಿನ ಆರ್ಡರು, ಚಾರ್ಟು, ಅಂಥದ್ದು."

"ಆ ಒಂದು ತಪ್ಪು ಅವನಿಗೆ ಗೊತ್ತಾ?"

"ಇಲ್ಲ. ಬೆಳಗ್ಗೆ ನಾನೇ ಪ್ರೆಸೆಂಟ್ ಮಾಡ್ದೆ. ಅವನೇನೂ ಕೇಳ್ಲಿಲ್ಲ."

ಈಗ ನಮ್ಮಿಬ್ಬರ ಮುಂದೆ ಇದ್ದ ಚಿತ್ರ ಅವರು ತಂದಿದ್ದ ಚಿತ್ರಕ್ಕಿಂತ ಪೂರ್ತಿ ಬೇರೆ. ಹುಡುಗ ಕೆಲಸ ಮಾಡಬಲ್ಲ. ಅವನು ಮಾಡಿದ ಒಂದು ತಪ್ಪು ಅವನಿಗೆ ಯಾವತ್ತೂ ತಲುಪಿಲ್ಲ, ಹಾಗಾಗಿ ಮುಂದಿನ ಸಲಾನೂ ಅದೇ ತಪ್ಪು ಬರುತ್ತೆ. ತಾನು ಕೊಟ್ಟಿದ್ದನ್ನ ರಾತ್ರೋರಾತ್ರಿ ಬದಲಾಯಿಸ್ತಾರೆ ಅಂತ ಅವನಿಗೆ ಮೀಟಿಂಗಲ್ಲಿ ಗೊತ್ತಾಗಿದೆ, ಹಾಗಾಗಿ ಅವನು ಮುಂದಿನ ಸಲ ಇನ್ನೂ ಕಮ್ಮಿ ಜವಾಬ್ದಾರಿ ತಗೋತಾನೆ. ಇಷ್ಟೆಲ್ಲ ನಡೀತಿರೋದು ಡಾಕ್ಯುಮೆಂಟ್‌ನಿಂದ ಅಲ್ಲ. ಇದನ್ನ ನಾನು ಹೇಳ್ಲಿಲ್ಲ, ಅವರೇ "ನಾನು ಕೊಟ್ಟ ಹಾಗೆ ಮಾಡಿ ವಾಪಸ್ ತಗೊಂಡಿದೀನಲ್ವಾ" ಅಂದ್ರು. ರಿಯಾಲಿಟಿ ಹಂತ ಸರಿಯಾಗಿ ನಡೀತಿದೆ ಅನ್ನೋದಕ್ಕೆ ನಾನು ನೋಡೋ ಗುರುತು ಇದೇ, ಎದುರಿನವರು ತಮ್ಮ ಬಗ್ಗೆ ತಾವೇ ಹೊಸದೊಂದು ವಾಕ್ಯ ಹೇಳ್ತಾರೆ, ಅದು ಮೊದಲೇ ತಯಾರಾಗಿದ್ದ ವಾಕ್ಯ ಅಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತೆ. ಮೊದಲ ಹತ್ತು ನಿಮಿಷ ಬರೋದೆಲ್ಲ ನಾಲ್ಕು ಜನಕ್ಕೆ ಈಗಾಗ್ಲೇ ಹೇಳಿರೋ ಮಾತು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಏನು ಮಾಡಿದ್ರು ಅನ್ನೋದು ಸಿಕ್ಕಿತ್ತು, ಆ ಹೊತ್ತಲ್ಲಿ ಒಳಗೆ ಏನು ನಡೀತಿತ್ತು ಅನ್ನೋದು ಸಿಕ್ಕಿರ್ಲಿಲ್ಲ. "ಗುರುವಾರ ರಾತ್ರಿ ಅವನ ಫೈಲ್ ತೆಗೆದಾಗ ಮನಸ್ಸಲ್ಲಿ ಏನು ಓಡ್ತಿತ್ತು?" ಅಂತ ಕೇಳಿದೆ.

ಅವರು ಹೇಳಿದ್ದು ಹಳೇ ಮೀಟಿಂಗ್ ಒಂದರ ವಿಷಯ. ಯಾರೋ ಕೊಟ್ಟ ಅಂಕಿ ತಪ್ಪಾಗಿತ್ತು, ಇವರು ಅದನ್ನ ಸ್ಲೈಡಲ್ಲಿ ಹಾಕಿದ್ರು, ಇಡೀ ರೂಮಿನ ಮುಂದೆ ಬಾಸ್ "ಇದನ್ನ ಚೆಕ್ ಮಾಡಿದ್ದು ಯಾರು?" ಅಂತ ಕೇಳಿದ್ರಂತೆ. ಅದಾದ ಮೇಲೆ ಇವರು ಯಾರು ಕೊಟ್ಟ ಅಂಕಿಯನ್ನೂ ತಾವು ಮತ್ತೊಮ್ಮೆ ಹಾಕಿ ನೋಡದೆ ಮುಂದೆ ಕಳಿಸಿಲ್ಲ. "ಕೆಲಸ ಅವನದ್ದಾಗುತ್ತೆ, ಹೆಸರು ನನ್ನದೇ ಇರುತ್ತೆ" ಅಂದ್ರು.

ಇಲ್ಲಿಗೆ ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದಿತ್ತು. ನಂಗೆ ಅದು ಸರಿಯಾದ ಹಂಚಿಕೆ ಅನ್ಸುತ್ತೆ. ಗೋಲ್ ಹೊಸದಾಗಿದ್ರೆ ರಿಯಾಲಿಟಿ ಬೇಗ ಮುಗೀಬಹುದು, ಅದು ತಿಂಗಳುಗಟ್ಟಲೆ ನಿಂತಿದ್ರೆ ನಿಲ್ಲಿಸಿರೋದು ಏನು ಅಂತ ಅಲ್ಲೇ ಹುಡುಕಬೇಕು.

ಇಲ್ಲೊಂದು ಎಚ್ಚರಿಕೆ ಹೇಳಿಬಿಡ್ತೀನಿ. ಹಳೇ ಅವಮಾನದ ಮಾತು ಬಂತು ಅಂತ ಅಲ್ಲೇ ಆಳಕ್ಕೆ ಇಳಿದು ಇನ್ನೂ ಕೆದಕೋದು ಸಹೋದ್ಯೋಗಿಯಾಗಿ ನನ್ನ ಕೆಲಸ ಅಲ್ಲ. ಅದು ಗೋಲನ್ನ ಹೇಗೆ ತಡೀತಿದೆ ಅನ್ನೋಷ್ಟು ಗೊತ್ತಾದ್ರೆ ಸಾಕು. ಅದರಿಂದ ನಿದ್ದೆ ಕೆಡ್ತಿದೆ, ಕೆಲಸಕ್ಕೆ ಬರೋಕೇ ಭಯ ಆಗ್ತಿದೆ ಅನ್ನೋ ಮಟ್ಟದಲ್ಲಿದ್ರೆ ಗ್ರೋ ಪಕ್ಕಕ್ಕಿಟ್ಟು, ತರಬೇತಿ ಇರೋ ಕೌನ್ಸೆಲರ್ ಹತ್ರ ಹೋಗೋಕೆ ಸಹಾಯ ಮಾಡಬೇಕು.

ಮತ್ತೆ ಗೋಲ್‌ಗೆ

ಮಾಡೆಲಿನ ಹೆಸರಲ್ಲಿ ಅಕ್ಷರಗಳು ಸಾಲಾಗಿ ನಿಂತಿರೋದ್ರಿಂದ ಒಂದಾದ ಮೇಲೊಂದು ಮುಗಿಸಿಕೊಂಡು ಹೋಗಬೇಕು ಅನ್ನೋ ಭಾವನೆ ಬಂದುಬಿಟ್ಟಿದೆ. ಆದ್ರೆ ರಿಯಾಲಿಟಿ ಬಿಚ್ಚಿಕೊಂಡ ಮೇಲೆ ಮೊದಲು ಹೇಳಿದ ಗೋಲ್ ಹಾಗೇ ಉಳಿಯೋದು ಅಪರೂಪ, ವಿಟ್ಮೋರ್ ಕೂಡ ಹಿಂದಕ್ಕೆ ಹೋಗಿ ಗೋಲನ್ನ ಮತ್ತೆ ನೋಡಬೇಕಾಗುತ್ತೆ ಅಂತಾನೇ ಹೇಳ್ತಾರೆ. ಡಾಕ್ಯುಮೆಂಟ್ ಮುಗಿಸೋದು ಇನ್ನು ಗೋಲ್ ಆಗಿ ಉಳಿದಿರ್ಲಿಲ್ಲ. ಹಾಗಾಗಿ, "ಬಿಟ್ಟುಕೊಟ್ಟೆ ಅಂತ ನಿಮಗೆ ಯಾವಾಗ ಅನ್ಸುತ್ತೆ, ಏನು ಕಂಡ್ರೆ?" ಅಂತ ಕೇಳಿದೆ.

"ಅಂಕಿ ಬಗ್ಗೆ ಪ್ರಶ್ನೆ ಇದ್ರೆ ಬಾಸ್ ಅವನನ್ನ ಕೇಳ್ಬೇಕು. ನನ್ನನ್ನಲ್ಲ."

ಇದು ಒಳ್ಳೇ ಉತ್ತರ, ಕಣ್ಣಿಗೆ ಕಾಣೋದು. ಆದ್ರೆ ಬಾಸ್ ಯಾರನ್ನ ಕೇಳ್ತಾರೆ ಅನ್ನೋದು ಇವರ ಕೈಲಿಲ್ಲ. ಗ್ರೋ ಬಳಸೋರು ಇಲ್ಲಿ ಎರಡು ಥರದ ಗೋಲ್ ಬೇರೆ ಮಾಡ್ತಾರೆ. ಕೊನೆಗೆ ಮುಟ್ಟಬೇಕಾದ್ದು ಒಂದು, ಅದರಲ್ಲಿ ಬೇರೆಯವರ ತೀರ್ಮಾನಾನೂ ಸೇರಿರುತ್ತೆ, ಇವರಿಗೆ ಹೊಸ ಪ್ರಾಜೆಕ್ಟ್ ಸಿಗೋದು ಅಂಥದ್ದು. ಅದಕ್ಕೆ ಕರ್ಕೊಂಡು ಹೋಗೋ ಸಾಧನೆಯ ಗೋಲ್ ಇನ್ನೊಂದು, ಅದು ಬಹುಪಾಲು ನಮ್ಮ ಕೈಲೇ ಇರುತ್ತೆ, ಅಳೆಯೋಕೂ ಆಗುತ್ತೆ. ಸಿಕ್ಕಿಹಾಕಿಕೊಂಡ ಗೋಲ್‌ಗಳಲ್ಲಿ ಈ ಎರಡೂ ಕಲಸಿಹೋಗಿರುತ್ತೆ. ಸ್ವಲ್ಪ ಹೊತ್ತು ಹಿಂದೆ ಮುಂದೆ ಮಾಡಿ ಅವರು ಬರೆದಿದ್ದು ಹೀಗಿತ್ತು: ಇನ್ನು ಮೂರನೇ ತಿಂಗಳ ರಿಪೋರ್ಟ್ ಹುಡುಗನ ಹೆಸರಲ್ಲೇ ಹೋಗಬೇಕು, ಮೀಟಿಂಗಲ್ಲಿ ಅವನೇ ಪ್ರೆಸೆಂಟ್ ಮಾಡಬೇಕು, ಆ ತಿಂಗಳು ನಾನು ಅದರ ಮೇಲೆ ಒಂದು ಗಂಟೆಗಿಂತ ಜಾಸ್ತಿ ಕೂರಬಾರದು. ನಾಲ್ಕು ದಿನದಿಂದ ಒಂದು ಗಂಟೆಗೆ. ಸುಮ್ಮನೆ ಬಿಟ್ಟುಕೊಡೋದು ಅನ್ನೋದಕ್ಕಿಂತ ಇದು ಎಷ್ಟೋ ಗಟ್ಟಿ, ಮತ್ತೆ ಈ ಗಟ್ಟಿತನ ಗುರುವಾರ ರಾತ್ರಿಯ ವಿಷಯ ಹೊರಗೆ ಬಾರದೆ ಬರ್ತಿರ್ಲಿಲ್ಲ.

ರಜೆ ಹಾಕಿದ್ರೆ?

ಆಪ್ಷನ್ಸ್ ಹಂತದಲ್ಲಿ ಮೊದಲು ಬರೋ ಎರಡು ಮೂರು ಐಡಿಯಾ ಯಾವಾಗ್ಲೂ ಹಳೇವೇ. ಡಾಕ್ಯುಮೆಂಟ್ ಮುಗಿಸೋದು, ಅವನನ್ನ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸೋದು, ಗುರುವಾರದ ಬದಲು ಬುಧವಾರ ಕಳಿಸು ಅನ್ನೋದು. ಎಲ್ಲಾ ಬರ್ಕೊಂಡೆ, ಯಾವುದಕ್ಕೂ ಒಳ್ಳೇದು ಕೆಟ್ಟದ್ದು ಅನ್ಲಿಲ್ಲ, ಇನ್ನೇನು ಅಂದೆ. ಮತ್ತೆ ಇನ್ನೇನು ಅಂದೆ. ಇನ್ನೇನೂ ಇಲ್ಲ ಅನ್ನೋ ಮಾತು ಬಂದ ಮೇಲೆ ಸ್ವಲ್ಪ ಕಾದ್ರೆ ಬರೋದೇ ನಿಜವಾದ ಆಪ್ಷನ್.

"ಆ ವಾರ ರಜೆ ಹಾಕಿಬಿಟ್ರೆ ಮುಗೀತು" ಅಂತ ನಕ್ಕರು.

ಅದನ್ನೂ ಬರ್ಕೊಂಡೆ. ನಗ್ತಾ ಹೇಳೋ ಐಡಿಯಾಗಳನ್ನ ನಾನು ಬಿಡಲ್ಲ, ಯಾಕಂದ್ರೆ ಅಲ್ಲಿ ಅವರು ತಮಗೆ ತಾವೇ ಹಾಕಿಕೊಂಡಿರೋ ಸೆನ್ಸಾರ್ ಸ್ವಲ್ಪ ಸಡಿಲ ಆಗಿರುತ್ತೆ. "ರಜೆ ಹಾಕಿದ್ರೆ ಏನು ಸರಿಹೋಗುತ್ತೆ?" ಅಂತ ಕೇಳಿದೆ.

"ನನ್ನ ಕೈಗೆ ಫೈಲ್ ಸಿಗಲ್ವಲ್ಲ, ರಾತ್ರಿ ಕೂತು ಬದಲಾಯಿಸೋಕಾಗಲ್ಲ."

"ರಜೆ ಇಲ್ಲದೇನೇ ಅದು ಆಗೋ ದಾರಿ ಇದ್ಯಾ?"

ತಲೆ ಎತ್ತಿ ನೋಡಿದ್ರು. ಫೈಲ್ ಹುಡುಗನ ಅಕೌಂಟಲ್ಲಿ ಇರ್ಲಿ, ನಂಗೆ ಎಡಿಟ್ ಪರ್ಮಿಷನ್ ಬೇಡ, ಕಾಮೆಂಟ್ ಮಾತ್ರ ಹಾಕೋ ಹಾಗಿರ್ಲಿ. ತಪ್ಪು ಕಂಡ್ರೆ ಕಾಮೆಂಟ್ ಹಾಕ್ತೀನಿ, ತಿದ್ದೋದು ಅವನೇ. ಹಾಗೆ ಮಾಡಿದ್ರೆ ತಪ್ಪು ಅವನಿಗೂ ತಲುಪುತ್ತೆ. ಇದು ಪೂರ್ತಿ ಅವರದ್ದೇ ಐಡಿಯಾ, ನಾನು ಎಷ್ಟು ಯೋಚ್ನೆ ಮಾಡಿದ್ರೂ ನಂಗೆ ಹೊಳೀತಿರ್ಲಿಲ್ಲ, ಅವರ ಫೈಲ್ ಎಲ್ಲಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ.

ಇದರ ಹಿಂದೆನೇ ಹೆಸರಿನ ವಿಷಯಾನೂ ಬಂತು. ರಿಪೋರ್ಟ್ ಇನ್ಮೇಲೆ ಅವನ ಹೆಸರಲ್ಲಿ ಬರುತ್ತೆ, ಮೊದಲ ಎರಡು ತಿಂಗಳು ಸಣ್ಣಪುಟ್ಟ ತಪ್ಪು ಬರಬಹುದು ಅಂತ ಬಾಸ್‌ಗೆ ಮುಂಚೇನೇ ಹೇಳಿಡೋದು. ಇದನ್ನ ಹೇಳುವಾಗ ಅವರ ದನಿ ಇಳೀತು, ಅದನ್ನ ಗಮನಿಸಿಟ್ಕೊಂಡೆ.

ನನ್ನ ಹತ್ರಾನೂ ಒಂದು ಐಡಿಯಾ ಇತ್ತು. ಎಲ್ಲಾ ಮುಗಿದ ಮೇಲೆ, ಹೇಳಲಾ ಅಂತ ಕೇಳಿ ಹೇಳಿದೆ, ತಪ್ಪು ಹಿಡಿಯೋದನ್ನ ಇಬ್ರೂ ಒಟ್ಟಿಗೆ ಕೂತು ಒಂದು ಪಟ್ಟಿ ಮಾಡಬಹುದು ಅಂತ. ಅವರು ಬೇಡ ಅಂದ್ರು, ಅವನು ಕಾಮೆಂಟ್ ನೋಡಿ ತಾನೇ ಪಟ್ಟಿ ಮಾಡ್ಲಿ ಅಂದ್ರು. ಹೀಗೆ ನಿರಾಯಾಸವಾಗಿ ಬೇಡ ಅನ್ನೋಕೆ ಆಗೋ ವಾತಾವರಣ ಇದ್ರೆ ಮಾತ್ರ ಕೋಚ್ ತನ್ನ ಐಡಿಯಾ ಹೇಳಬಹುದು. ನೀವು ಪಟ್ಟಿ ಮಾಡಿ ನೋಡಬಹುದಲ್ವಾ ಅಂತ ಪ್ರಶ್ನೆ ರೂಪದಲ್ಲಿ ಸಲಹೆ ತುರುಕಿದ್ರೆ ಎದುರಿನವರು ಮರ್ಯಾದೆಗೆ ಹೂಂ ಅಂದುಬಿಡ್ತಾರೆ, ಆ ಹೂಂ ಯಾವ ಕೆಲಸಕ್ಕೂ ಬರಲ್ಲ.

ಹತ್ತಕ್ಕೆ ಎಷ್ಟು

ಕೊನೇ ಹಂತದಲ್ಲಿ ನಂಗೆ ಬೇಕಾಗಿರೋದು ದಿನ ಮತ್ತೆ ಗಂಟೆ. ಮಾಡ್ತೀನಿ, ನೋಡೋಣ, ಟ್ರೈ ಮಾಡ್ತೀನಿ, ಈ ಮೂರೂ ಬಂದ್ರೆ ಇನ್ನೂ ತೀರ್ಮಾನ ಆಗಿಲ್ಲ ಅಂತ ತಿಳ್ಕೋಬೇಕು. ಅವರು ಮೂರು ಕೆಲಸ ಆರಿಸಿಕೊಂಡ್ರು. ಹುಡುಗನಿಗೆ ಹೋದ ತಿಂಗಳ ತಪ್ಪು ಮತ್ತೆ ರಾತ್ರಿ ಬದಲಾಯಿಸಿದ್ದು ಎರಡನ್ನೂ ಹೇಳೋದು, ನಾಳೆ ಬೆಳಗ್ಗೆ. ಫೈಲ್ ಪರ್ಮಿಷನ್ ಬದಲಾಯಿಸೋದು, ನಾಳೆ ಅದೇ ಹೊತ್ತಿಗೆ. ಬಾಸ್ ಹತ್ರ ಮಾತಾಡೋದು, "ಈ ವಾರ".

ಆಮೇಲೆ ಒಂದೊಂದಕ್ಕೂ, ಇದನ್ನ ಮಾಡೇ ಮಾಡ್ತೀನಿ ಅನ್ನೋದು ಹತ್ತಕ್ಕೆ ಎಷ್ಟು ಅಂತ ಕೇಳಿದೆ. ಇದೂ ವಿಟ್ಮೋರ್ ಹೇಳಿದ ಪದ್ಧತಿನೇ. ಎಂಟಕ್ಕಿಂತ ಕಮ್ಮಿ ಬಂದ್ರೆ ಕೆಲಸವನ್ನ ಚಿಕ್ಕದು ಮಾಡಿ, ಇಲ್ಲಾ ಟೈಮ್ ಜಾಸ್ತಿ ತಗೊಳ್ಳಿ, ಆಗ್ಲೂ ಎಂಟು ಮುಟ್ಟದೇ ಇದ್ರೆ ಪಟ್ಟಿಯಿಂದ ಹೊಡೆದುಹಾಕಿ, ಯಾಕಂದ್ರೆ ಅದು ಆಗೋದಿಲ್ಲ. ಇದು ಕೆಲಸ ಎಷ್ಟು ಕಷ್ಟ ಅನ್ನೋದರ ಅಂಕ ಅಲ್ಲ, ಮಾಡೋ ಮನಸ್ಸು ಎಷ್ಟಿದೆ ಅನ್ನೋದರ ಅಂಕ, ಅದನ್ನ ಸ್ಪಷ್ಟ ಮಾಡಿ ಕೇಳ್ಬೇಕು.

ಮೊದಲ ಎರಡಕ್ಕೂ ಒಂಬತ್ತು ಬಂತು. ಬಾಸ್ ಜೊತೆ ಮಾತಿಗೆ ಐದು.

ಐದು ಬಂದಾಗ ಯಾಕೆ ಅಷ್ಟೇ ಅಂತ ಕೇಳಿದ್ರೆ ಮತ್ತೆ ಕಾರಣಗಳ ಪಟ್ಟಿ ಬರುತ್ತೆ, ಅದರ ಬದಲು "ಎಂಟು ಆಗ್ಬೇಕಾದ್ರೆ ಏನು ಬದಲಾಗ್ಬೇಕು?" ಅಂದೆ. ಮಂಗಳವಾರ ಬಾಸ್ ಜೊತೆ ಇವರಿಗೆ ಹೇಗೂ ಅರ್ಧ ಗಂಟೆಯ ಒನ್ ಟು ಒನ್ ಇರುತ್ತಂತೆ. ಬೇರೆ ಟೈಮ್ ಕೇಳಿ ಹೋಗೋದೇ ಭಾರ, ಅಲ್ಲಾದ್ರೆ ಮಾತು ತಾನಾಗೇ ಬರುತ್ತೆ ಅಂದ್ರು. ಎರಡು ಸಾಲು ಮುಂಚೇನೇ ಬರೆದಿಟ್ಕೊಂಡು ಓದಿಬಿಡ್ತೀನಿ ಅಂದ್ರು. ಅಲ್ಲೇ ಕೂತು ಬರೆದ್ರು: ಮುಂದಿನ ತಿಂಗಳಿಂದ ರಿಪೋರ್ಟ್ ಅವನದ್ದು, ನಾನು ಕಾಮೆಂಟ್ ಮಾತ್ರ ಕೊಡ್ತೀನಿ. ಶುರುವಿನಲ್ಲಿ ತಪ್ಪು ಬಂದ್ರೆ ಅದನ್ನ ಸರಿ ಮಾಡೋ ಜವಾಬ್ದಾರಿ ಅವನಿಗೆ ಕೊಟ್ಟಿದೀನಿ. ಓದಿ ನೋಡಿದ ಮೇಲೆ ಈಗ ಎಷ್ಟು ಅಂದೆ, ಎಂಟು ಅಂದ್ರು.

ಏನು ಅಡ್ಡ ಬರಬಹುದು ಅನ್ನೋದು ಕೊನೇ ಪ್ರಶ್ನೆ. "ಗುರುವಾರ ರಾತ್ರಿ ಕೈ ಕಡಿಯುತ್ತೆ" ಅಂದ್ರು. ಆಗ ಏನು ಮಾಡ್ತೀರಿ ಅಂದಾಗ, ಫೈಲ್ ಡೌನ್‌ಲೋಡ್ ಮಾಡ್ಕೊಳ್ಳದೆ ಹುಡುಗನಿಗೆ ಫೋನ್ ಮಾಡ್ತೀನಿ, ಶುಕ್ರವಾರ ರಿವ್ಯೂ ಆದ ಮೇಲೆ ನಿಮಗೆ ಒಂದು ಸಾಲು ಮೆಸೇಜ್ ಹಾಕ್ತೀನಿ ಅಂದ್ರು. ನಾನು ಮಾಡಬೇಕಾದ್ದು ಏನಾದ್ರೂ ಇದ್ಯಾ ಅಂತ ಕೇಳಿದೆ, ಮೆಸೇಜ್ ಬರ್ಲಿಲ್ಲ ಅಂದ್ರೆ ನೀವೇ ಕೇಳಿ ಅಂದ್ರು.

ಯಾವಾಗ ಇದು ನಡೆಯಲ್ಲ

ಈ ಮಾತುಕತೆ ನಡೀತು ಅಂದ್ರೆ ಕೆಲವು ವಿಷಯ ಮೊದಲೇ ಸರಿ ಇತ್ತು. ಹುಡುಗನಿಗೆ ಕೆಲಸ ಗೊತ್ತಿತ್ತು. ಇವರಿಗೂ ಕಾಮೆಂಟ್ ಕೊಡೋದು, ಹೇಳಿಕೊಡೋದು ಬರ್ತಿತ್ತು. ಯಾರಿಗಾದ್ರೂ ಒಂದು ಕೆಲಸ ಮಾಡೋಕೇ ಬರ್ತಿಲ್ಲ ಅಂದ್ರೆ ಪ್ರಶ್ನೆ ಕೇಳ್ತಾ ಕೂರೋದು ಕ್ರೂರ, ನೇರವಾಗಿ ಹೇಳಿಕೊಡಬೇಕು. ಇನ್ನು ಗೋಲ್ ಅವರದ್ದೇ ಆಗಿತ್ತು. ಬೇರೆ ಯಾರೋ ಮೇಲಿಂದ ಇಳಿಸಿದ ಗೋಲ್ ಆಗಿದ್ರೆ, ಅವರಿಗದು ಬೇಡ ಅನ್ನೋದೇ ರಿಯಾಲಿಟಿ ಆಗಿದ್ರೆ, ಇಷ್ಟೆಲ್ಲ ಪ್ರಶ್ನೆ ಕೇಳಿ ಕೊನೆಗೆ ಒಪ್ಪಿಸೋದು ಬಲವಂತಾನೇ ಆಗುತ್ತೆ, ಎಷ್ಟೇ ಮೆತ್ತಗೆ ಮಾಡಿದ್ರೂ. ಆಗ ಆ ಗೋಲನ್ನ ಶೀಟಿಂದ ತೆಗೆಸೋದು ಹೇಗೆ ಅನ್ನೋದೇ ಮಾತಾಡಬೇಕಾದ ವಿಷಯ. ಇನ್ನು ಬಾಸ್ ತನ್ನ ಕೈಕೆಳಗಿನವರಿಗೇ ಇದನ್ನ ಮಾಡುವಾಗ ಗುರುವಾರ ರಾತ್ರಿಯಂಥ ಮಾತು ಹೊರಗೆ ಬರೋದು ತುಂಬಾ ಕಷ್ಟ, ರೇಟಿಂಗ್ ಕೊಡೋ ಕೈಗೆ ಯಾರೂ ಅಷ್ಟು ಬಿಟ್ಟುಕೊಡಲ್ಲ. ಬಾಸ್ ಆದವರು ಇದನ್ನ ಮಾಡಲೇಬಾರದು ಅಂತಲ್ಲ, ಆದ್ರೆ ಕೇಳಿಸಿಕೊಂಡ ಮಾತು ರಿವ್ಯೂನಲ್ಲಿ ತಿರುಗಿ ಬರಲ್ಲ ಅನ್ನೋದನ್ನ ಅವರು ಮೊದಲು ನಡೆದು ತೋರಿಸಿರಬೇಕು.

ಆಮೇಲೆ

ಬಾಸ್ ಮಂಗಳವಾರ ಆ ಎರಡು ಸಾಲು ಕೇಳಿ, ಸರಿ, ಆದ್ರೆ ಮೊದಲ ತಿಂಗಳು ನೀವು ಮೀಟಿಂಗಲ್ಲಿ ಇರಿ ಅಂದ್ರಂತೆ. ಹುಡುಗ ತನ್ನ ತಪ್ಪಿನ ವಿಷಯ ಕೇಳಿ, ಅವತ್ತೇ ಹೇಳಿದ್ರೆ ಅವತ್ತೇ ಸರಿ ಮಾಡ್ತಿದ್ದೆ ಅಂದಿದ್ದಾನೆ, ಅದು ಅವರಿಗೆ ಸ್ವಲ್ಪ ತಟ್ಟಿತು. ಮೊದಲ ತಿಂಗಳು ಕಾಮೆಂಟ್‌ಗಳು ರಾಶಿ ಬಿದ್ವು, ಅದರಲ್ಲಿ ಬಹುಪಾಲು ಸ್ಟೈಲ್ ಬಗ್ಗೆ. ಶುಕ್ರವಾರದ ಮೆಸೇಜಲ್ಲಿ ಅವರೇ ಅದನ್ನ ಬರೆದಿದ್ರು, ಮುಂದಿನ ಸಲ ಅಂಕಿ ಬಗ್ಗೆ ಮಾತ್ರ ಕಾಮೆಂಟ್ ಅಂತ. ಎರಡನೇ ತಿಂಗಳು ಆ ನಿಯಮ ಬಹುತೇಕ ನಡೀತು. ಮೂರನೇ ತಿಂಗಳು ರಿಪೋರ್ಟ್ ಹುಡುಗನ ಹೆಸರಲ್ಲಿ ಹೋಯ್ತು, ಅವನೇ ಪ್ರೆಸೆಂಟ್ ಮಾಡ್ದ, ಒಂದು ಅಂಕಿ ಬಗ್ಗೆ ಬಾಸ್ ಪ್ರಶ್ನೆ ಕೇಳಿದ್ರು, ಅವನು ನೋಡಿ ಹೇಳ್ತೀನಿ ಅಂದು ಮಧ್ಯಾಹ್ನದೊಳಗೆ ಉತ್ತರ ಕಳಿಸ್ದ. ಇವರು ಅದರ ಮೇಲೆ ಕೂತಿದ್ದು ಒಂದು ಗಂಟೆ ಅಲ್ಲ, ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಆ ಎರಡು ಗಂಟೆ ಯಾವುದಕ್ಕೆ ಹೋಯ್ತು ಅಂತ ಕೇಳಿದೆ, ಒಂದು ಟೀಮಿನ ಶೀಟ್ ಇನ್ನೂ ಇವರ ಹೆಸರಿಗೇ ಬರ್ತಿದೆ ಅಂದ್ರು, ಅದನ್ನ ಬದಲಾಯಿಸೋಕೆ ಆ ಟೀಮಿಗೆ ಮೇಲ್ ಹಾಕಿದಾರೆ.

ಹೊಸ ಪ್ರಾಜೆಕ್ಟ್ ಇನ್ನೂ ಸಿಕ್ಕಿಲ್ಲ. ಅದಕ್ಕೆ ಬೇರೆ ಗಂಟೆ ಇಟ್ಕೊಂಡಿದೀವಿ, ಮುಂದಿನ ವಾರ.